ರಾತ್ರಿ ಉಳಿಯೋಕೆ ಮಾತ್ರ ಕಳಿಸಲ್ಲ

ಮಕ್ಕಳು ಎರಡನೆಯ, ಮೂರನೆಯ ತರಗತಿ ದಾಟುವ ಹೊತ್ತಿಗೆ ನಗರದ ಹುಟ್ಟುಹಬ್ಬದ ಕರೆಯಲ್ಲಿ ಹೊಸದೊಂದು ಸಾಲು ಸೇರಿಕೊಳ್ಳುತ್ತದೆ. ಕೇಕು, ಆಟ, ಊಟ ಆದಮೇಲೆ ಮಕ್ಕಳು ಅಲ್ಲೇ ಮಲಗಲಿ, ಬೆಳಗ್ಗೆ ತಿಂಡಿ ಕೊಟ್ಟು ಕಳಿಸುತ್ತೇವೆ ಎಂಬ ಸಾಲು. ಸ್ಲೀಪ್‌ಓವರ್ ಎಂದು ಮಕ್ಕಳೂ ದೊಡ್ಡವರೂ ಕರೆಯುವ ಈ ರೂಢಿ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಹೊಸದಲ್ಲ. ಮಗುವಿಗೆ ಅದು ಹಬ್ಬ. ಕರೆದವರಿಗೆ ಅದು ಪ್ರೀತಿ. ಕಳಿಸಬೇಕಾದ ತಂದೆ ತಾಯಿಗೆ ಮಾತ್ರ ಆ ಸಾಲು ಓದಿದ ಕೂಡಲೇ ಹೊಟ್ಟೆಯಲ್ಲಿ ಏನೋ ಕಸಿವಿಸಿ. ಕಳಿಸಲು ಮನಸ್ಸಿಲ್ಲ. ಬೇಡ ಎನ್ನಲು ಬಾಯಿಲ್ಲ.

ಕರೆದವರಿಗೆ ಇಲ್ಲ ಎನ್ನುವುದು ನಮ್ಮಲ್ಲಿ ಮೊದಲೇ ಕಷ್ಟ. ಅದರಲ್ಲೂ ಕಾರಣ 'ನಿಮ್ಮ ಮನೆಯಲ್ಲಿ ನನ್ನ ಮಗು ಸುರಕ್ಷಿತವಾಗಿರುತ್ತದೋ ಇಲ್ಲವೋ ಗೊತ್ತಿಲ್ಲ' ಎಂಬುದಾದರೆ ಅದನ್ನು ಯಾವ ಮುಖ ಹೊತ್ತು ಬರೆಯುವುದು? ಹೀಗಾಗಿ ಎಷ್ಟೋ ಮನೆಗಳಲ್ಲಿ ಈ ಉತ್ತರ ಎರಡು ದಿನ ಫೋನಿನಲ್ಲೇ ಕೂತಿರುತ್ತದೆ. ಕೊನೆಗೆ ಒಂದು ಸುಳ್ಳು ನೆಪವಾಗಿಯೋ, ಒಲ್ಲದ ಒಪ್ಪಿಗೆಯಾಗಿಯೋ ಹೊರಬೀಳುತ್ತದೆ. ನಾಲ್ಕೈದು ಸಾಲಿನ ಈ ಸಂದೇಶವನ್ನು ಸರಿಯಾಗಿ ಬರೆಯಲು ಬರುತ್ತದೆ, ಬರೆಯಲೇಬೇಕು ಎಂಬುದು ನನ್ನ ನಂಬಿಕೆ. ಅದಕ್ಕೊಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ಎಂಟು ವರ್ಷದ ಹುಡುಗಿಯೊಬ್ಬಳನ್ನು ಅನನ್ಯ ಎಂದೂ ಅವಳ ಗೆಳತಿಯನ್ನು ದಿಯಾ ಎಂದೂ ಕರೆಯೋಣ. ಬುಧವಾರ ಸಂಜೆ ದಿಯಾಳ ತಾಯಿಯಿಂದ ವಾಟ್ಸ್ಆ್ಯಪ್‌ನಲ್ಲಿ ಹೀಗೊಂದು ಸಂದೇಶ ಬರುತ್ತದೆ:

"ಹಾಯ್ ಅನನ್ಯ ಅಮ್ಮ, ಶನಿವಾರ ದಿಯಾ ಬರ್ತ್‌ಡೇ. ಐದು ಜನ ಹುಡುಗೀರು ನಮ್ಮನೇಲೇ ಮಲಗ್ತಾರಂತೆ! ಅನನ್ಯಾನ ಸಂಜೆ ಐದಕ್ಕೆ ಕಳಿಸಿಬಿಡಿ. ಭಾನುವಾರ ಬೆಳಗ್ಗೆ ತಿಂಡಿ ಆದ್ಮೇಲೆ ನಾವೇ ತಂದು ಬಿಡ್ತೀವಿ. ಪ್ಲೀಸ್ ಇಲ್ಲ ಅನ್ಬೇಡಿ."

ಅನನ್ಯಳ ತಾಯಿಗೆ ಈ ಮನೆಯ ಬಗ್ಗೆ ಗೊತ್ತಿರುವುದು ಇಷ್ಟು: ದಿಯಾಳ ತಾಯಿ ಶಾಲೆಯ ಗೇಟಿನ ಬಳಿ ಸಿಗುತ್ತಾರೆ, ಒಳ್ಳೆಯವರು. ತಂದೆಯನ್ನು ಪೋಷಕರ ಸಭೆಯಲ್ಲಿ ನೋಡಿದ ನೆನಪು. ಹೈಸ್ಕೂಲಿಗೆ ಹೋಗುವ ಅಣ್ಣ ಒಬ್ಬನಿದ್ದಾನೆ. ಕೆಲಸ ಹುಡುಕಿಕೊಂಡು ಊರಿಂದ ಬಂದ ಚಿಕ್ಕಪ್ಪ ಅಲ್ಲೇ ಇದ್ದಾರೆ ಎಂದು ಮಗಳು ಯಾವಾಗಲೋ ಹೇಳಿದ್ದಳು. ಅನುಮಾನಪಡುವಂಥದ್ದು ಏನೂ ಇಲ್ಲ. ಭರವಸೆ ಇಡುವಷ್ಟೂ ಏನೂ ಗೊತ್ತಿಲ್ಲ.

ಭಯಕ್ಕೆ ಆಧಾರವೇನು?

ಈ ಭಯ ಹುಚ್ಚಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನವೊಂದು 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿತ್ತು. ಅವರಲ್ಲಿ ಶೇ. 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದಾಗಿ ಹೇಳಿದರು. ಬೀದಿಯಲ್ಲಿ ಬದುಕುವ, ದುಡಿಯುವ, ಆಶ್ರಯಧಾಮಗಳಲ್ಲಿರುವ ಮಕ್ಕಳೂ ಆ ಲೆಕ್ಕದಲ್ಲಿ ಸೇರಿದ್ದರು. ಕಿರುಕುಳ ಎಂಬ ಮಾತಿನ ವ್ಯಾಪ್ತಿಯೂ ವಿಶಾಲವಾಗಿತ್ತು. ಹಾಗಾಗಿ ಈ ಅಂಕಿಯನ್ನು ಎತ್ತಿ ಪ್ರತಿ ಮನೆಗೂ ಅಂಟಿಸಲಾಗದು. ಆದರೆ ಅದೇ ಅಧ್ಯಯನದ ಇನ್ನೆರಡು ಮಾತುಗಳನ್ನು ಪ್ರತಿ ತಂದೆ ತಾಯಿ ತಿಳಿದಿರಬೇಕು. ಕಿರುಕುಳ ಕೊಟ್ಟವರಲ್ಲಿ ಅರ್ಧದಷ್ಟು ಜನ ಮಗುವಿಗೆ ಗೊತ್ತಿದ್ದವರು, ಮಗು ನಂಬಿದ್ದವರು. ಇನ್ನೊಂದು, ಕಿರುಕುಳ ಹೇಳಿಕೊಂಡವರಲ್ಲಿ ಗಂಡುಮಕ್ಕಳ ಪಾಲು ಅರ್ಧಕ್ಕಿಂತ ತುಸು ಹೆಚ್ಚೇ ಇತ್ತು.

ಪೊಲೀಸ್ ದಾಖಲೆಯೂ ಇದನ್ನೇ ಹೇಳುತ್ತದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಂದು ಜಾರಿಗೆ ಬಂತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿಗಳನ್ನು ನೋಡಿದರೆ, ಈ ಕಾಯ್ದೆಯಡಿ ದಾಖಲಾದ ಅತ್ಯಾಚಾರದ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಆರೋಪಿಗಳು ಮಗುವಿಗೆ ಪರಿಚಿತರು: ನೆಂಟರು, ನೆರೆಯವರು, ಮನೆಗೆ ಬಂದು ಹೋಗುವವರು. ಕೆಡುಕು ಮಾಡುವವನು ದೊಡ್ಡ ವಯಸ್ಸಿನವನೇ ಆಗಿರಬೇಕೆಂದೂ ಇಲ್ಲ. ಅಮೆರಿಕದ ಪೊಲೀಸ್ ದಾಖಲೆಗಳನ್ನು ಪರಿಶೀಲಿಸಿ ಸಮಾಜವಿಜ್ಞಾನಿ ಡೇವಿಡ್ ಫಿಂಕೆಲ್‌ಹಾರ್ ಮತ್ತು ಸಂಗಡಿಗರು 2009ರಲ್ಲಿ ಕೊಟ್ಟ ವರದಿಯ ಪ್ರಕಾರ, ಮಕ್ಕಳ ಮೇಲೆ ಲೈಂಗಿಕ ಅಪರಾಧ ಎಸಗಿದವರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಮಂದಿ ಸ್ವತಃ ಹದಿನೆಂಟು ತುಂಬದವರು.

ಇದರಿಂದ ದಿಯಾಳ ಅಣ್ಣ ಕೆಟ್ಟವನು, ಚಿಕ್ಕಪ್ಪ ಕೆಟ್ಟವರು ಎಂದೇನೂ ಆಗುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ಹೆಚ್ಚಿನ ರಾತ್ರಿ ಏನೂ ಆಗುವುದಿಲ್ಲ. ತೊಂದರೆ ಇರುವುದು ಬೇರೆ ಕಡೆ. ಒಳ್ಳೆಯ ಮನೆ ಯಾವುದು ಎಂದು ಮುಖ ನೋಡಿ ಹೇಳುವ ಶಕ್ತಿ ನಮಗಿಲ್ಲ. ಮಕ್ಕಳಿಗೆ ಕೆಡುಕು ಮಾಡುವವರು ಮೊದಲು ಒಲಿಸಿಕೊಳ್ಳುವುದು ಮಗುವನ್ನಷ್ಟೇ ಅಲ್ಲ, ತಂದೆ ತಾಯಿಯನ್ನೂ. ಸದಾ ಸಹಾಯಕ್ಕೆ ನಿಲ್ಲುವುದು, ಮಗುವಿಗೆ ಉಡುಗೊರೆ ಕೊಡುವುದು, 'ನೀವು ಆರಾಮಾಗಿರಿ, ನಾನು ನೋಡ್ಕೋತೀನಿ' ಎನ್ನುವುದು, ಹೀಗೆ ವಿಶ್ವಾಸ ಬೆಳೆಯುತ್ತದೆ. ಆದ್ದರಿಂದ 'ಅವರು ತುಂಬಾ ಒಳ್ಳೆಯವರು ಅನ್ಸುತ್ತೆ' ಎಂಬುದು ಕಳಿಸಲು ಸಾಲುವ ಕಾರಣವಲ್ಲ. 'ಯಾಕೋ ಸರಿ ಅನ್ಸಲ್ಲ' ಎಂಬುದು ಅವರ ಮೇಲೆ ದೂರು ಹೊರಿಸಲು ಸಾಲುವ ಕಾರಣವೂ ಅಲ್ಲ.

ಹಗಲಿಗೂ ರಾತ್ರಿಗೂ ಇರುವ ವ್ಯತ್ಯಾಸವನ್ನೂ ಗಮನಿಸಬೇಕು. ಹಗಲು ಐದು ಮಕ್ಕಳು ಆಡುವ ಮನೆಯಲ್ಲಿ ಬಾಗಿಲು ತೆರೆದಿರುತ್ತದೆ, ದೊಡ್ಡವರು ಓಡಾಡುತ್ತಿರುತ್ತಾರೆ. ರಾತ್ರಿ ನೋಡಿಕೊಳ್ಳಬೇಕಾದವರೇ ಮಲಗಿರುತ್ತಾರೆ. ಸಂಜೆ ಇಲ್ಲದಿದ್ದವರು ಹನ್ನೊಂದಕ್ಕೆ ಮನೆಗೆ ಬಂದಿರಬಹುದು. ಯಾರದೋ ಕೈಯಲ್ಲಿ ಮೊಬೈಲ್ ಇರುತ್ತದೆ, ಅದರಲ್ಲಿ ಏನು ನೋಡುತ್ತಾರೆ, ಯಾವ ಫೋಟೊ ತೆಗೆಯುತ್ತಾರೆ ಎಂದು ಕೇಳುವವರಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಏನಾದರೂ ಕಸಿವಿಸಿಯಾದರೆ ಎಂಟು ವರ್ಷದ ಮಗು ಪರರ ಮನೆಯಲ್ಲಿ ನಡುರಾತ್ರಿ ಎದ್ದು ಹೋಗಿ ದೊಡ್ಡವರ ಕೋಣೆಯ ಬಾಗಿಲು ತಟ್ಟಬೇಕು. ಹೊಟ್ಟೆನೋವು ಬಂದರೂ ಬೆಳಗಾಗುವವರೆಗೆ ತಡೆದುಕೊಳ್ಳುವ ಮಕ್ಕಳಿದ್ದಾರೆ. ಉಬ್ಬಸ, ಅಪಸ್ಮಾರ, ಕಡಲೆಕಾಯಿಯಂಥ ಅಲರ್ಜಿ ಇರುವ ಮಕ್ಕಳ ವಿಷಯದಲ್ಲಿ ಈ ಮೌನವೇ ಅಪಾಯ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗ ತಂದೆ ತಾಯಿಗೆ ಇದರ ಜತೆ ಇನ್ನೊಂದು ಪ್ರಶ್ನೆ ಇರುತ್ತದೆ. ಆ ಮನೆಯಲ್ಲಿ ಬಂದೂಕು ಇದೆಯೇ, ಇದ್ದರೆ ಗುಂಡು ತೆಗೆದು ಬೀಗ ಹಾಕಿ ಇಟ್ಟಿದ್ದಾರೆಯೇ ಎಂಬ ಪ್ರಶ್ನೆ. ಮಗುವನ್ನು ಆಡಲು ಕಳಿಸುವ ಮೊದಲು ಸಂಕೋಚವಿಲ್ಲದೆ ಇದನ್ನು ಕೇಳಿ ಎಂದು ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿಯೇ ಹೇಳುತ್ತದೆ. ಸುರಕ್ಷತೆಯ ಪ್ರಶ್ನೆ ಕೇಳುವುದು ಅವಮಾನವಲ್ಲ ಎಂಬ ಮಾತನ್ನು ಅಲ್ಲಿ ವೈದ್ಯರೇ ಹೇಳಿಕೊಡಬೇಕಾಯಿತು. ನಾವೂ ಅದನ್ನು ಕಲಿಯಬೇಕಿದೆ.

ಮೂರು ಉತ್ತರಗಳು

ಅನನ್ಯಳ ತಾಯಿ ಮೊದಲು ಬರೆಯಲು ಹೊರಡುವುದು ಹೆಚ್ಚಿನವರು ಬರೆಯುವ ಉತ್ತರ:

"ಅಯ್ಯೋ ಸಾರಿ ಕಣ್ರೀ, ಶನಿವಾರ ನಾವು ಊರಿಗೆ ಹೋಗ್ತಿದೀವಿ. ಅತ್ತೆಗೆ ಹುಷಾರಿಲ್ಲ."

ಇದರಿಂದ ಶನಿವಾರ ಕಳೆಯುತ್ತದೆ. ಆದರೆ ಅತ್ತೆ ಗುಣವಾದ ಮೇಲೆ ಮತ್ತೊಂದು ಕರೆ ಬರುತ್ತದೆ. ಕಾರಣ ಶನಿವಾರದ್ದು ಎಂದ ಮೇಲೆ ಮುಂದಿನ ವಾರಕ್ಕೆ ಕಾರಣವಿಲ್ಲ. ಸೋಮವಾರ ಶಾಲೆಯಲ್ಲಿ ದಿಯಾ 'ಊರಿಗೆ ಹೋಗಿದ್ಯಾ?' ಎಂದು ಕೇಳುತ್ತಾಳೆ. ಆಗ ಅನನ್ಯ ಸುಳ್ಳು ಹೇಳಬೇಕು, ಇಲ್ಲವೇ ಅಮ್ಮ ಸುಳ್ಳು ಹೇಳಿದ್ದು ಬಯಲಾಗಬೇಕು. ಮಗುವಿಗೆ ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಇಷ್ಟವಿಲ್ಲದ ಜಾಗದಿಂದ ಹೊರಬರಲು ನೆಪ ಬೇಕು, ಬರೀ 'ಬೇಡ' ಎಂದರೆ ಸಾಲದು ಎಂದು ಅವಳು ಮನೆಯಲ್ಲೇ ಕಲಿಯುತ್ತಾಳೆ. ನಾಳೆ ಯಾರೋ ಮೈಮುಟ್ಟಿದಾಗ ಅವಳು ಹೇಳಬೇಕಾದ ಮಾತೂ ಅದೇ 'ಬೇಡ'.

ಎರಡನೆಯ ಉತ್ತರ ಭಯವನ್ನೆಲ್ಲ ಒಮ್ಮೆಲೇ ಸುರಿಯುವಂಥದ್ದು:

"ಕಾಲ ಸರಿ ಇಲ್ಲ ನೋಡಿ. ಹೆಣ್ಣುಮಗು, ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ನಿಮ್ಮ ಮಗನೂ ದೊಡ್ಡವನಾಗಿದಾನೆ, ಮೈದುನರೂ ಇದಾರೆ. ತಪ್ಪು ತಿಳ್ಕೋಬೇಡಿ."

ಇದನ್ನು ತಪ್ಪು ತಿಳಿಯದೆ ಇರುವುದು ಹೇಗೆ? ಹದಿನೈದರ ಹುಡುಗನೊಬ್ಬನ ಮೇಲೆ, ಯಾವ ತಪ್ಪೂ ಮಾಡದವನ ಮೇಲೆ, ಬರಹದಲ್ಲಿ ಅನುಮಾನ ದಾಖಲಾಯಿತು. ವಾಟ್ಸ್ಆ್ಯಪ್ ಸಂದೇಶ ಒಬ್ಬರ ಫೋನಿನಲ್ಲಿ ನಿಲ್ಲುವುದಿಲ್ಲ. ಗಂಡನಿಗೆ ತೋರಿಸುತ್ತಾರೆ, ಅತ್ತೆಗೆ ಓದಿ ಹೇಳುತ್ತಾರೆ, ಸ್ಕ್ರೀನ್‌ಶಾಟ್ ತರಗತಿಯ ಅಮ್ಮಂದಿರ ಗುಂಪಿಗೂ ಹೋದೀತು. 'ಹೆಣ್ಣುಮಗು' ಎಂಬ ಮಾತಿನಲ್ಲೂ ತಪ್ಪಿದೆ. ಮನೆಯಲ್ಲಿ ಅವಳ ತಮ್ಮನಿದ್ದರೆ ಅವನಿಗೆ ಈ ಎಚ್ಚರ ಬೇಡವೇ? ಪೋಕ್ಸೊ ಕಾಯ್ದೆ ಹದಿನೆಂಟರೊಳಗಿನ ಹುಡುಗ ಹುಡುಗಿ ಇಬ್ಬರನ್ನೂ ಒಂದೇ ಕಣ್ಣಿನಿಂದ ನೋಡುತ್ತದೆ. ಮನೆಯ ನಿಯಮವೂ ಹಾಗೇ ಇರಬೇಕು.

ಮೂರನೆಯದು ನಾನು ಕಳಿಸಬಹುದು ಎನ್ನುವ ಉತ್ತರ:

"ನಮಸ್ತೆ ದಿಯಾ ಅಮ್ಮ. ನೀವು ಕರೆದಿದ್ದು ತುಂಬಾ ಖುಷಿ ಆಯ್ತು, ಅನನ್ಯಾಗಂತೂ ದಿಯಾ ಅಂದ್ರೆ ಪ್ರಾಣ. ಬರ್ತ್‌ಡೇಗೆ ಖಂಡಿತ ಬರ್ತಾಳೆ. ರಾತ್ರಿ ಉಳಿಯೋಕೆ ಮಾತ್ರ ಕಳಿಸಲ್ಲ. ಇನ್ನೂ ಸ್ವಲ್ಪ ದೊಡ್ಡವಳಾಗೋವರೆಗೂ ಅವರಜ್ಜಿ ಮನೆ ಬಿಟ್ಟು ಬೇರೆಲ್ಲೂ ನಾವಿಲ್ಲದೆ ಮಲಗೋದು ಬೇಡ ಅಂತ ನಾವಿಬ್ರೂ ಮೊದಲೇ ತೀರ್ಮಾನ ಮಾಡ್ಕೊಂಡಿದೀವಿ. ಮಕ್ಕಳ ಸುರಕ್ಷತೆಗೆ ಅಂತ ಮಾಡ್ಕೊಂಡಿರೋ ನಿಯಮ, ಯಾರ ಮನೆ ಆದ್ರೂ ಅಷ್ಟೇ. ಸಂಜೆ ಐದಕ್ಕೆ ಬಿಡ್ತೀನಿ, ಊಟ, ಕೇಕು, ಸಿನಿಮಾ ಎಲ್ಲ ಆಗ್ಲಿ, ಒಂಬತ್ತೂವರೆಗೆ ನಾನೇ ಬಂದು ಕರ್ಕೊಂಡು ಹೋಗ್ತೀನಿ. ಅದು ನಿಮಗೆ ತೊಂದರೆ ಅನ್ಸಿದ್ರೆ ದಯವಿಟ್ಟು ಹೇಳಿ."

ಇದರ ಕಟ್ಟಣೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಕರೆದದ್ದಕ್ಕೆ ಸಂತೋಷ ಮೊದಲು ಬಂದಿದೆ, ಅದು ನಿಜವಾದ ಸಂತೋಷ. ಬಳಿಕ ಏನಕ್ಕೆ ಒಪ್ಪಿಗೆ ಎಂಬುದು. ಅದರ ಹಿಂದೆಯೇ 'ಕಳಿಸಲ್ಲ' ಎಂಬ ಮಾತು ಒಂದೇ ಸಣ್ಣ ವಾಕ್ಯದಲ್ಲಿದೆ. 'ನೋಡೋಣ', 'ಕಷ್ಟ ಆಗ್ಬಹುದು', 'ಅವರಪ್ಪನ್ನ ಕೇಳ್ಬೇಕು' ಎಂದು ಬರೆದರೆ ಎದುರಿನವರು ಅದನ್ನು ಚೌಕಾಸಿಗೆ ಜಾಗವಿದೆ ಎಂದು ಓದುತ್ತಾರೆ, ಐದು ಹಾಸಿಗೆಯನ್ನೂ ಹಾಸುತ್ತಾರೆ. ಖಚಿತವಾದ ಇಲ್ಲ ಅವರಿಗೂ ಅನುಕೂಲ.

ಕಾರಣ ಒಂದೇ ಇದೆ, ಅದು ನಿಜವಾದದ್ದು. ಸುರಕ್ಷತೆ ಎಂಬ ಮಾತನ್ನು ಮರೆಮಾಚಿಲ್ಲ. ಅದನ್ನು ಈ ಮನೆಯ ಗುಣಾವಗುಣಕ್ಕೆ ತಗುಲಿಸಿಯೂ ಇಲ್ಲ. ನಿಯಮ ನಮ್ಮದು, ಮೊದಲೇ ಮಾಡಿಕೊಂಡದ್ದು, ಎಲ್ಲರಿಗೂ ಒಂದೇ. ಕಾರಣಗಳನ್ನು ಮೂರು ನಾಲ್ಕು ಪೇರಿಸಬಾರದು. ಅವಳಿಗೆ ಶೀತ, ಭಾನುವಾರ ಸಂಗೀತದ ಕ್ಲಾಸು, ಹೊಸ ಜಾಗದಲ್ಲಿ ನಿದ್ದೆ ಬರಲ್ಲ ಎಂದೆಲ್ಲ ಬರೆದರೆ ಒಂದೊಂದಕ್ಕೂ ಪರಿಹಾರ ಬರುತ್ತದೆ: ಕಷಾಯ ಕೊಡ್ತೀವಿ, ಕ್ಲಾಸಿಗೆ ನಾವೇ ಬಿಡ್ತೀವಿ, ದಿಯಾ ಪಕ್ಕ ಮಲಗಿಸ್ತೀವಿ. ಮನೆಯ ನಿಯಮಕ್ಕೆ ಹೊರಗಿನವರು ಕೊಡಬಹುದಾದ ಪರಿಹಾರವಿಲ್ಲ.

ಅಜ್ಜಿ ಮನೆಯ ಮಾತು ಸಂದೇಶದಲ್ಲಿ ಬಂದಿರುವುದೂ ಸುಮ್ಮನೆ ಅಲ್ಲ. ದಸರಾ ರಜೆಯಲ್ಲಿ ಅಜ್ಜಿ ಮನೆಯಲ್ಲಿ ಮಲಗಿದ್ದನ್ನು ಅನನ್ಯ ದಿಯಾಳಿಗೆ ಹೇಳಿಯೇ ಇರುತ್ತಾಳೆ. 'ಎಲ್ಲೂ ಕಳಿಸಲ್ಲ' ಎಂದು ಬರೆದರೆ ಅದು ಸುಳ್ಳಾಗುತ್ತದೆ. ನಿಯಮ ಎಷ್ಟಿದೆಯೋ ಅಷ್ಟೇ ಹೇಳಬೇಕು. ಕೊನೆಗೆ, ಕರೆದುಕೊಂಡು ಹೋಗುವ ಹೊತ್ತು ಮತ್ತು ಹೊಣೆ ಸ್ಪಷ್ಟವಾಗಿವೆ. ಇನ್ನುಳಿದ ನಾಲ್ಕು ಹುಡುಗಿಯರ ನಡುವಿಂದ ಒಬ್ಬಳು ಎದ್ದು ಹೋಗುವುದು ಕರೆದವರಿಗೆ ಇಕ್ಕಟ್ಟಾಗಬಹುದು, ಅದನ್ನು ಹೇಳುವ ಅವಕಾಶವನ್ನೂ ಅವರಿಗೆ ಕೊಟ್ಟಿದೆ.

ಇದನ್ನು ಬುಧವಾರವೇ ಕಳಿಸಬೇಕು. ಶನಿವಾರ ಮಧ್ಯಾಹ್ನ ಹೇಳಿದರೆ ಎಷ್ಟೇ ಚೆಂದದ ಮಾತೂ ಬೇಸರ ತರುತ್ತದೆ. ತರಗತಿಯ ಗುಂಪಿನಲ್ಲಿ ಕರೆದಿದ್ದರೂ ಉತ್ತರ ಒಬ್ಬರಿಗೇ ಹೋಗಬೇಕು. ಗುಂಪಿನಲ್ಲಿ ಹಾಕಿದರೆ ಕಳಿಸಲು ಒಪ್ಪಿದ ಉಳಿದ ಅಮ್ಮಂದಿರಿಗೆ ಪಾಠ ಹೇಳಿದಂತಾಗುತ್ತದೆ.

'ನಮ್ಮ ಮೇಲೆ ನಂಬಿಕೆ ಇಲ್ವಾ?'

ಇಷ್ಟಾದ ಮೇಲೂ ಈ ಪ್ರಶ್ನೆ ಬರಬಹುದು. ಆಗ ಬರೆಯುವುದನ್ನು ಬಿಟ್ಟು ಫೋನ್ ಮಾಡುವುದು ಒಳ್ಳೆಯದು. ಧ್ವನಿಯಲ್ಲಿರುವ ಮೆದುತನ ಅಕ್ಷರದಲ್ಲಿ ಕಾಣುವುದಿಲ್ಲ. "ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತ ಅಲ್ಲ ರೀ. ಒಬ್ಬೊಬ್ಬರ ಮನೆಗೂ ನಾನು ಒಂದೊಂದು ತೀರ್ಪು ಕೊಡೋಕೆ ಹೋದ್ರೆ ತಪ್ಪಾಗುತ್ತೆ ಅಂತಾನೇ ಎಲ್ಲರಿಗೂ ಒಂದೇ ನಿಯಮ ಇಟ್ಕೊಂಡಿದೀನಿ" ಎಂದರೆ ಸಾಕು, ಅದು ನಿಜವೂ ಹೌದು. ಮತ್ತೆ ಒತ್ತಾಯ ಮಾಡಿದರೆ ಹೊಸ ಕಾರಣ ಹುಡುಕಬೇಕಾಗಿಲ್ಲ. ಅದೇ ಮಾತನ್ನು ಅಷ್ಟೇ ಮೆದುವಾಗಿ ಇನ್ನೊಮ್ಮೆ ಹೇಳಿದರಾಯಿತು.

ಸ್ವಲ್ಪ ಬೇಜಾರಾಗುವುದು ಸಹಜ. ಅದನ್ನು ಇಲ್ಲವಾಗಿಸಲು ತೀರ್ಮಾನವನ್ನೇ ಸಡಿಲಿಸಬಾರದು. ಆದರೆ ಒಂದು ಲಕ್ಷಣವನ್ನು ಗಮನದಲ್ಲಿಡಬೇಕು. ಬೇಜಾರು ಮಾಡಿಕೊಳ್ಳುವುದು ಬೇರೆ. ನೀವು ಬೇಡ ಎಂದ ಮೇಲೂ ನೇರವಾಗಿ ಮಗುವಿಗೆ ಆಸೆ ಹುಟ್ಟಿಸಿ, 'ಅಮ್ಮನ್ನ ಒಪ್ಪಿಸು' ಎಂದು ಹಟಕ್ಕೆ ಹಚ್ಚುವುದು, ಒಂಬತ್ತೂವರೆಗೆ ಹೋದಾಗ 'ಆಗಲೇ ಮಲಗಿದಾಳೆ, ಏಳಿಸಬೇಡಿ' ಎನ್ನುವುದು ಬೇರೆ. ಹೇಳಿದ ಗಡಿಯನ್ನು ಗೌರವಿಸದ ಮನೆ ಎಷ್ಟೇ ಒಳ್ಳೆಯದಿದ್ದರೂ, ಮುಂದೆ ಮಗುವನ್ನು ಒಬ್ಬಳನ್ನೇ ಬಿಡುವಾಗ ಇನ್ನೊಮ್ಮೆ ಯೋಚಿಸಬೇಕು. ಮಲಗಿದ್ದರೆ ಎತ್ತಿಕೊಂಡಾದರೂ ಬರಬೇಕು.

ಮಗುವಿಗೆ ಮೊದಲು ಹೇಳಬೇಕು

ಸಂದೇಶವನ್ನು ಕಳಿಸುವ ಮೊದಲು ಮಗುವಿನ ಜತೆ ಕೂತು ಮಾತನಾಡಬೇಕು. ಉಳಿದ ನಾಲ್ವರು ಉಳಿಯುತ್ತಾರೆ, ತಾನು ಮಾತ್ರ ಇಲ್ಲ ಎಂಬ ನೋವು ಸಣ್ಣದಲ್ಲ. ಅವಳು ಅತ್ತರೆ ಅಳಲಿ. 'ಅಷ್ಟಕ್ಕೆಲ್ಲ ಅಳ್ತಾರಾ' ಎನ್ನುವುದು ಬೇಡ.

ಹೇಳುವಾಗ ಎರಡು ತಪ್ಪು ಆಗದಿರಲಿ. 'ಅಲ್ಲಿ ಕೆಟ್ಟವರಿರ್ತಾರೆ' ಎಂದು ಹೆದರಿಸಿದರೆ ಸೋಮವಾರ ಆ ಮಾತು ದಿಯಾಳ ಕಿವಿಗೆ ಹೋಗುತ್ತದೆ. ಕೆಟ್ಟವರು ಎಂದರೆ ಎಲ್ಲೋ ಹೊರಗಿನವರು ಎಂಬ ತಪ್ಪು ಕಲ್ಪನೆಯೂ ಮಗುವಿನಲ್ಲಿ ಬೇರೂರುತ್ತದೆ. 'ನೀನು ಸರಿಯಾಗಿ ನಡ್ಕೊಳಲ್ಲ, ಅದಕ್ಕೇ ಕಳಿಸಲ್ಲ' ಎಂದರೆ ನಮ್ಮ ಎಚ್ಚರಿಕೆ ಅವಳ ತಪ್ಪಾಗಿಬಿಡುತ್ತದೆ. ಹೇಳಬೇಕಾದದ್ದು ಸರಳ: "ರಾತ್ರಿ ನಿನ್ನನ್ನ ನೋಡ್ಕೊಳ್ಳೋದು ಅಪ್ಪ ಅಮ್ಮನ ಕೆಲಸ. ನೀನು ಚಿಕ್ಕವಳಿರೋವರೆಗೂ ಆ ಕೆಲಸಾನ ಬೇರೆಯವರಿಗೆ ಕೊಡಲ್ಲ. ದಿಯಾ ಕೇಳಿದ್ರೆ ನಮ್ಮನೇಲಿ ಹಾಗೆ ನಿಯಮ ಅಂತ ಹೇಳು, ಬೇಕಾದ್ರೆ ನಮ್ಮಮ್ಮ ಸ್ಟ್ರಿಕ್ಟು ಅಂತಾನೂ ಹೇಳು." ಗೆಳತಿಯ ಮುಂದೆ ಹೇಳಲು ಮಗುವಿಗೆ ಒಂದು ನಿಜವಾದ ವಾಕ್ಯ ಸಿಕ್ಕಿತು. ತಪ್ಪನ್ನು ಅಮ್ಮ ಹೊತ್ತುಕೊಂಡದ್ದರಿಂದ ಅವಳ ಮುಖವೂ ಉಳಿಯಿತು.

ಆ ಸಂಜೆಯನ್ನು ಸಾಧ್ಯವಾದಷ್ಟು ತುಂಬಿಸಿಕೊಡಬೇಕು. ಎಲ್ಲರೂ ರಾತ್ರಿಯುಡುಗೆ ತೊಟ್ಟು ಕೂರುತ್ತಾರೆಂದರೆ ಇವಳ ಚೀಲದಲ್ಲೂ ಅದು ಇರಲಿ. ದೀಪ ಆರಿಸಿ ಕತೆ ಹೇಳುವ ಹೊತ್ತಿಗೆ ಮುಂಚೆ, ಸಿನಿಮಾ ಮುಗಿದ ಕೂಡಲೇ ಹೋಗಿ ಕರೆತರುವುದು ಒಳ್ಳೆಯ ಸಮಯ. ನಡುವೆ ಎಬ್ಬಿಸಿಕೊಂಡು ಬಂದರೆ ಶಿಕ್ಷೆಯಂತೆ ಕಾಣುತ್ತದೆ. ಭಾನುವಾರ ಬೆಳಗ್ಗೆ ಒಪ್ಪಿದರೆ ತಿಂಡಿಯ ಹೊತ್ತಿಗೆ ಮತ್ತೆ ಬಿಟ್ಟು ಬರಬಹುದು. ಆಗ ತಪ್ಪಿದ್ದು ನಿದ್ದೆ ಮಾತ್ರ.

ಅಜ್ಜಿ ಮನೆಯ ಪ್ರಶ್ನೆ

ಈ ನಿಯಮದ ಮಿತಿಯನ್ನೂ ಪ್ರಾಮಾಣಿಕವಾಗಿ ನೋಡಬೇಕು. ದಿಯಾಳ ಮನೆಗೆ ಬೇಡ ಎಂದವರು ಬೇಸಿಗೆ ರಜೆಯಲ್ಲಿ ಮಗುವನ್ನು ಅಜ್ಜಿ ಮನೆಗೆ ಇಪ್ಪತ್ತು ದಿನ ಕಳಿಸುತ್ತಾರೆ. ಅಲ್ಲಿ ನಡುಮನೆಯಲ್ಲಿ ಸಾಲಾಗಿ ಹಾಸಿಗೆ ಹಾಸಿ ಹತ್ತು ಮಂದಿ ಮಲಗುತ್ತಾರೆ. ಮಾವನ ಮಗ, ದೂರದ ನೆಂಟ, ಮದುವೆಗೆ ಬಂದು ಉಳಿದವರು ಎಲ್ಲರೂ ಇರುತ್ತಾರೆ. ಪರಿಚಿತರಿಂದಲೇ ಅಪಾಯ ಹೆಚ್ಚು ಎಂದು ದಾಖಲೆಗಳು ಹೇಳುವಾಗ, ಪರಿಚಯವನ್ನೇ ಭದ್ರತೆ ಎಂದು ನಂಬುವುದು ಸರಿಯಾಗದು. ನೆಂಟರೆಂದ ಕೂಡಲೇ ಕಣ್ಣು ಮುಚ್ಚಿಬಿಡುವ ನಮ್ಮ ರೂಢಿಯೇ ಗೆಳತಿಯ ಮನೆಗಿಂತ ದೊಡ್ಡ ತೂತು.

ಅಜ್ಜಿ ಮನೆಯನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಮಗುವಿಗೆ ಸಿಗುವ ಪ್ರೀತಿ ಇನ್ನೆಲ್ಲೂ ಸಿಗದು. ಆದರೆ ಅಲ್ಲೂ ಅಜ್ಜಿಗೆ ಒಂದು ಮಾತು ಹೇಳಿಡಬೇಕು: "ಅಮ್ಮಾ, ಅವಳು ನಿನ್ನ ಪಕ್ಕದಲ್ಲೇ ಮಲಗ್ಲಿ. ಸ್ನಾನ ನೀನೇ ಮಾಡಿಸು. ಯಾರಾದ್ರೂ ಮುದ್ದು ಮಾಡೋಕೆ ಬಂದಾಗ ಅವಳು ಬೇಡ ಅಂದ್ರೆ ಬಲವಂತ ಮಾಡಿಸ್ಬೇಡ." ಟ್ಯೂಷನ್, ಸ್ಕೂಲ್ ವ್ಯಾನು, ಸಂಗೀತದ ಕ್ಲಾಸು, ಕೆಳಗಿನ ಮಹಡಿಯ ಅಂಕಲ್ ಮನೆ, ಎಲ್ಲಕ್ಕೂ ಇಂಥದೇ ಎಚ್ಚರ ಬೇಕು. ರಾತ್ರಿ ಬೇಡ ಎಂಬ ಸಂದೇಶ ಒಂದು ಬಾಗಿಲನ್ನು ಹಾಕುತ್ತದೆ, ಅಷ್ಟೇ.

ಉಳಿದ ಬಾಗಿಲುಗಳನ್ನು ಕಾಯಬೇಕಾದ್ದು ಮಗುವಿನ ಬಾಯಿ. ಮೈಯ ಭಾಗಗಳಿಗೆಲ್ಲ ಸರಿಯಾದ ಹೆಸರು ಅವಳಿಗೆ ಗೊತ್ತಿರಬೇಕು. ಹೆಸರಿಲ್ಲದ್ದನ್ನು ಮಗು ಹೇಳಲಾರದು. ಮೈಯ ವಿಷಯದಲ್ಲಿ ಗುಟ್ಟು ಇಡು ಎಂದು ಯಾರು ಹೇಳಿದರೂ ಅದು ಇಡಬಾರದ ಗುಟ್ಟು ಎಂದು ತಿಳಿದಿರಬೇಕು. ಹುಟ್ಟುಹಬ್ಬದ ಉಡುಗೊರೆಯ ಗುಟ್ಟು ನಾಲ್ಕು ದಿನದಲ್ಲಿ ಎಲ್ಲರಿಗೂ ತಿಳಿದು ಖುಷಿ ಕೊಡುತ್ತದೆ, ಈ ಗುಟ್ಟು ಹಾಗಲ್ಲ ಎಂದು ಬಿಡಿಸಿ ಹೇಳಿದರೆ ಐದು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಎಲ್ಲಿಂದಲಾದರೂ ಫೋನ್ ಮಾಡಿ ಒಂದು ಗೊತ್ತುಮಾಡಿಕೊಂಡ ಮಾತು ಹೇಳಿದರೆ, 'ನನ್ನ ನೀಲಿ ಪೆನ್ಸಿಲ್ ಸಿಕ್ತಾ?' ಎಂದರೆ, ಪ್ರಶ್ನೆ ಕೇಳದೆ ಅಪ್ಪನೋ ಅಮ್ಮನೋ ಬಂದು ಕರೆದೊಯ್ಯುತ್ತಾರೆ ಎಂಬ ಭರವಸೆ ಇರಬೇಕು.

ಮಗು ಎಂದಾದರೂ ಏನಾದರೂ ಹೇಳಿದರೆ ಮೊದಲ ಮಾತು 'ನೀನು ಹೇಳಿದ್ದು ಒಳ್ಳೇದಾಯ್ತು, ನಿನ್ನ ತಪ್ಪಿಲ್ಲ' ಎಂದಿರಲಿ. ಮತ್ತೆ ಮತ್ತೆ ಕೆದಕಿ ಕೇಳುವುದು, ಆ ಮನೆಗೆ ಹೋಗಿ ಜಗಳ ತೆಗೆಯುವುದು ಬೇಡ. ಮಗು ಹೇಳಿದ್ದನ್ನು ಅವಳದೇ ಮಾತಿನಲ್ಲಿ ಬರೆದಿಟ್ಟುಕೊಳ್ಳಬೇಕು. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕೆಂದು ಪೋಕ್ಸೊ ಕಾಯ್ದೆಯ 19ನೇ ಕಲಂ ಹೇಳುತ್ತದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಆಗ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು ಎಂದೂ ಅದೇ ಕಾಯ್ದೆಯಲ್ಲಿದೆ. ಠಾಣೆಯ ಹೆಸರು ಕೇಳಿಯೇ ಹಿಂಜರಿಯುವ ಕುಟುಂಬಗಳಿಗೆ ಇದು ತಿಳಿದಿರಬೇಕು.

ಹೂಂ ಎನ್ನುವ ದಿನ

ನಿಯಮಕ್ಕೂ ವಯಸ್ಸಾಗುತ್ತದೆ. ಹನ್ನೆರಡೋ ಹದಿಮೂರೋ ಆದಾಗ, ಮಗಳು ತನ್ನ ಇಷ್ಟಾನಿಷ್ಟವನ್ನು ಬಾಯಿಬಿಟ್ಟು ಹೇಳಬಲ್ಲಳು, ತಾನೇ ಫೋನ್ ಮಾಡಬಲ್ಲಳು ಎಂದು ಕಂಡಾಗ, ಆ ಮನೆಗೆ ನೀವೂ ಹಲವು ಸಲ ಹೋಗಿ ಬಂದಿದ್ದಾಗ, ಒಂದು ರಾತ್ರಿಗೆ ಹೂಂ ಎನ್ನಬಹುದು. ಆಗಲೂ ಕೇಳಬೇಕಾದದ್ದನ್ನು ಕೇಳಿಯೇ ಕಳಿಸಬೇಕು. ಆ ರಾತ್ರಿ ಮನೆಯಲ್ಲಿ ಯಾರ್ಯಾರು ಇರುತ್ತಾರೆ? ಮಕ್ಕಳು ಯಾವ ಕೋಣೆಯಲ್ಲಿ, ಯಾರ ಜತೆ ಮಲಗುತ್ತಾರೆ? ಮೊಬೈಲುಗಳನ್ನು ಎಷ್ಟು ಹೊತ್ತಿಗೆ ಎತ್ತಿಡುತ್ತಾರೆ? ಅಪಾರ್ಟ್‌ಮೆಂಟಿನಲ್ಲಿ ಈಜುಕೊಳ ಇದ್ದರೆ ದೊಡ್ಡವರಿಲ್ಲದೆ ಮಕ್ಕಳು ಅತ್ತ ಹೋಗುವುದಿಲ್ಲ ತಾನೇ? ಮಗು ಎಷ್ಟು ಹೊತ್ತಿಗೆ ಕೇಳಿದರೂ ನಮಗೆ ಫೋನ್ ಮಾಡಿಕೊಡುತ್ತೀರಾ?

ಈ ಪ್ರಶ್ನೆಗಳಿಗೆ ಮುಖ ಗಂಟಿಕ್ಕದೆ ಉತ್ತರಿಸುವ ಮನೆ ಸಿಕ್ಕರೆ ಅರ್ಧ ಚಿಂತೆ ಅಲ್ಲೇ ಇಳಿಯುತ್ತದೆ. ಕರೆಯುವ ಸರದಿ ನಿಮ್ಮದಾದಾಗ ಇವನ್ನು ಕೇಳುವವರೆಗೂ ಕಾಯಬೇಕಾಗಿಲ್ಲ. "ಮನೇಲಿ ನಾವಿಬ್ರೂ ಅತ್ತೇನೂ ಇರ್ತೀವಿ. ಹುಡುಗೀರೆಲ್ಲ ಹಾಲಲ್ಲಿ ಮಲಗ್ತಾರೆ, ನಾನು ಅವರ ಜತೆ ಇರ್ತೀನಿ. ರಾತ್ರಿ ಉಳಿಸೋದು ಬೇಡ ಅನ್ಸಿದ್ರೆ ಒಂಬತ್ತೂವರೆಗೆ ಬಂದು ಕರ್ಕೊಂಡು ಹೋಗಬಹುದು, ಸ್ವಲ್ಪಾನೂ ಬೇಜಾರಿಲ್ಲ" ಎಂದು ಕರೆಯುವಾಗಲೇ ಬರೆದುಬಿಡಿ. ನಿಮ್ಮ ತರಗತಿಯ ಗುಂಪಿನಲ್ಲಿ ಒಬ್ಬರು ಹೀಗೆ ಕರೆದರೆ ಮುಂದಿನವರಿಗೆ ಅದೇ ಮೇಲ್ಪಂಕ್ತಿಯಾಗುತ್ತದೆ. ಆಮೇಲೆ ಯಾವ ತಾಯಿಯೂ ಇಲ್ಲದ ಅತ್ತೆಯ ಜ್ವರವನ್ನು ಬರೆಯಬೇಕಾಗುವುದಿಲ್ಲ.